ಹನ್ನೊಂದೂವರೆ ಜಿಬಿ ಫೈಲು ಯಾವ ದಾರಿಯಲ್ಲಿ ಹೋಯಿತು?

ಕೆಲಸ ಇಷ್ಟೇ. ನನ್ನ ಫೋನಿನಲ್ಲಿ ಒಂದೂವರೆ ಗಂಟೆಯ ವಿಡಿಯೊ ಇತ್ತು. 1080ಪಿ ಗುಣಮಟ್ಟದಲ್ಲಿ, ಸೆಕೆಂಡಿಗೆ ಸುಮಾರು 17 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದ್ದು. ಹದಿನೇಳನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎರಡು ಎಂಬಿಗಿಂತ ಸ್ವಲ್ಪ ಹೆಚ್ಚು. ಅದನ್ನು 5,400 ಸೆಕೆಂಡುಗಳಿಂದ ಗುಣಿಸಿದರೆ ಹನ್ನೊಂದೂವರೆ ಜಿಬಿ. ಕೆಲವು ಫೋನುಗಳ ಕ್ಯಾಮೆರಾ 4 ಜಿಬಿ ಆಗುತ್ತಿದ್ದಂತೆ ತಾನೇ ಹೊಸ ಫೈಲು ಶುರುಮಾಡುತ್ತದೆ. ನನ್ನದು ಹಾಗೆ ಮಾಡಲಿಲ್ಲ, ಎಲ್ಲವನ್ನೂ ಒಂದೇ ಫೈಲಿಗೆ ತುಂಬಿತು. ಇದು ಅಕ್ಕನ ಹಳೆಯ ಫೋನಿಗೂ ಒಬ್ಬ ಗೆಳೆಯನ ಹೊಸ ಫೋನಿಗೂ ಹೋಗಬೇಕಿತ್ತು. ಇಂಟರ್‌ನೆಟ್ ಇರಲಿಲ್ಲ. ರೂಟರ್ ಚಾಲೂ ಇತ್ತು, ಆದರೆ ಹೊರಗಿನ ಸಂಪರ್ಕ ಕಡಿದುಹೋಗಿತ್ತು. ಮೂರೂ ಆಂಡ್ರಾಯ್ಡ್ ಫೋನುಗಳಾದ್ದರಿಂದ ಅವುಗಳಲ್ಲೇ ಇರುವ ಕ್ವಿಕ್ ಶೇರ್ ಸಾಕು, ಬೇರೆ ಆಪ್ ಬೇಡ ಎಂದು ನಿರ್ಧರಿಸಿದೆ. ಆಪಲ್ ಫೋನುಗಳಲ್ಲಿ ಇದೇ ಕೆಲಸವನ್ನು ಏರ್‌ಡ್ರಾಪ್ ಮಾಡುತ್ತದೆ; ಇಲ್ಲಿ ಅದರ ಮಾತಿಲ್ಲ.

ಕ್ವಿಕ್ ಶೇರ್ ಎಂದರೆ ಒಂದೇ ದಾರಿಯಲ್ಲ, ಹಲವು ದಾರಿಗಳ ಕಟ್ಟು. ಅದು ತೆರೆಯ ಮೇಲೆ ಒಂದು ಗೆರೆ ಓಡಿಸುತ್ತದೆಯೇ ಹೊರತು, ಫೈಲು ಬ್ಲೂಟೂತ್‌ನಲ್ಲಿ ಹೋಗುತ್ತಿದೆಯೋ, ರೂಟರ್ ಮೂಲಕವೋ, ಫೋನಿನಿಂದ ಫೋನಿಗೆ ನೇರವಾಗಿಯೋ ಎಂಬುದನ್ನು ಹೇಳುವುದಿಲ್ಲ. ಚಿಕ್ಕ ಚಿತ್ರ ಕಳಿಸುವವರಿಗೆ ಇದರಿಂದ ತೊಂದರೆಯಿಲ್ಲ. ಹನ್ನೊಂದೂವರೆ ಜಿಬಿ ಕಳಿಸುವವರಿಗೆ ಮಾತ್ರ ಐದು ನಿಮಿಷ ಮತ್ತು ಹದಿನೇಳು ಗಂಟೆಗಳ ನಡುವಿನ ವ್ಯತ್ಯಾಸ ಇರುವುದು ಅಲ್ಲೇ. ಆದ್ದರಿಂದ ಫೈಲನ್ನು ಕಳಿಸುವ ಮೊದಲು ದಾರಿಯನ್ನು ಪತ್ತೆಹಚ್ಚುವುದೇ ನನ್ನ ಮೊದಲ ಕೆಲಸವಾಯಿತು.

ಎರಡು ಫೋನು ಒಂದನ್ನೊಂದು ಕಾಣುವವರೆಗೆ

ಎರಡೂ ಫೋನಿನಲ್ಲಿ ಬ್ಲೂಟೂತ್ ಮತ್ತು ವೈಫೈ ಎರಡನ್ನೂ ಆನ್ ಮಾಡಬೇಕು. ವೈಫೈ ಆನ್ ಇರಬೇಕು ಎಂದರೆ ಯಾವುದೋ ಜಾಲಕ್ಕೆ ಸೇರಿರಬೇಕು ಎಂದಲ್ಲ, ಅದರ ರೇಡಿಯೊ ಎಚ್ಚರವಾಗಿದ್ದರೆ ಸಾಕು. ಅಕ್ಕನ ಫೋನು ಲೊಕೇಶನ್ ಕೂಡ ಆನ್ ಮಾಡಲು ಕೇಳಿತು. ಹಳೆಯ ಆಂಡ್ರಾಯ್ಡ್ ಆವೃತ್ತಿಗಳಲ್ಲಿ ಸುತ್ತಮುತ್ತಲಿನ ಬ್ಲೂಟೂತ್ ಸಂಕೇತಗಳನ್ನು ಹುಡುಕಲು ಆ ಅನುಮತಿ ಬೇಕಾಗುತ್ತದೆ, ಹಾಗಾಗಿ ಗಾಬರಿಯಾಗುವಂಥದ್ದೇನಿಲ್ಲ.

"ನನ್ನ ಫೋನಿನಲ್ಲಿ ಕ್ವಿಕ್ ಶೇರ್ ಇಲ್ಲವೇ ಇಲ್ಲ, ನೀನೇ ನೋಡು" ಎಂದು ಅಕ್ಕ ಫೋನನ್ನು ಮುಂದೆ ಹಿಡಿದಳು. ಇತ್ತು, ಹಳೆಯ ಹೆಸರಿನಲ್ಲಿ. ಗೂಗಲ್ ಇದನ್ನು 2020ರಲ್ಲಿ ನಿಯರ್‌ಬೈ ಶೇರ್ ಎಂಬ ಹೆಸರಿನಲ್ಲಿ ತಂದಿತ್ತು. 2024ರಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಸೇರಿಸಿ ಆ ಹೆಸರನ್ನೇ ಉಳಿಸಿಕೊಂಡಿತು. ಬಹುಕಾಲ ಅಪ್‌ಡೇಟ್ ಕಾಣದ ಫೋನಿನಲ್ಲಿ ಹಳೆಯ ಹೆಸರು ಹಾಗೆಯೇ ಕುಳಿತಿರಬಹುದು. ನನ್ನ ಫೋನಿಗೂ ಅವಳ ಫೋನಿಗೂ ಮಾತುಕತೆ ನಡೆಯಲು ಅದು ಅಡ್ಡಿಯಾಗಲಿಲ್ಲ.

ಪಡೆಯುವ ಫೋನಿನಲ್ಲಿ ಯಾರಿಗೆ ಕಾಣಿಸಿಕೊಳ್ಳಬೇಕು ಎಂಬ ಆಯ್ಕೆ ಇರುತ್ತದೆ: ನಿಮ್ಮದೇ ಸಾಧನಗಳಿಗೆ, ಸಂಪರ್ಕ ಪಟ್ಟಿಯಲ್ಲಿರುವವರಿಗೆ, ಅಥವಾ ಎಲ್ಲರಿಗೆ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಸಂಪರ್ಕ ಪಟ್ಟಿಯ ಆಯ್ಕೆಯನ್ನು ನೆಚ್ಚಿಕೊಳ್ಳಬಾರದು. ಎದುರಿನ ಫೋನು ಪರಿಚಯದವರದು ಎಂದು ಗುರುತಿಸಲು ಬೇಕಾದ ಡಿಜಿಟಲ್ ಪ್ರಮಾಣಪತ್ರಗಳು ಗೂಗಲ್ ಖಾತೆಯ ಮೂಲಕ ಮೊದಲೇ ಇಳಿದಿರಬೇಕು. ಇಳಿದಿರದಿದ್ದರೆ ಎರಡು ಫೋನುಗಳು ಒಂದೇ ಮೇಜಿನ ಮೇಲಿದ್ದರೂ ಕಾಣಿಸಿಕೊಳ್ಳುವುದಿಲ್ಲ. `Everyone` ಆಯ್ಕೆಗೆ ಆ ಗೊಡವೆಯಿಲ್ಲ. ಅದನ್ನು ಹತ್ತು ನಿಮಿಷದ ಮಟ್ಟಿಗೆ ಮಾತ್ರ ಆನ್ ಮಾಡಬಹುದು. ಈ ಅವಧಿ ಜೋಡಣೆಗೆ ಮಾತ್ರ. ಫೈಲು ಹೊರಟ ಮೇಲೆ ಅದು ಮುಗಿದರೆ ಚಿಂತೆಯಿಲ್ಲ. ಇದೇ ಸೆಟ್ಟಿಂಗ್ ಪುಟದಲ್ಲಿ ಡೇಟಾ ಬಳಕೆಯ ಆಯ್ಕೆ ಇದ್ದರೆ `Without internet` ಎಂಬುದನ್ನು ಆರಿಸಿದರೆ, ಮೊಬೈಲ್ ಡೇಟಾವನ್ನು ಅದು ಮುಟ್ಟುವ ಪ್ರಶ್ನೆಯೇ ಇರುವುದಿಲ್ಲ. ನಾನು ಎರಡರಲ್ಲೂ ಮೊಬೈಲ್ ಡೇಟಾವನ್ನೇ ಆಫ್ ಮಾಡಿದ್ದೆ.

ಫೈಲನ್ನು ಆಯ್ದು, ಹಂಚುವ ಗುಂಡಿ ಒತ್ತಿ, ಕ್ವಿಕ್ ಶೇರ್ ಆರಿಸಿದಾಗ ಕಳಿಸುವ ಫೋನು ಮೊದಲು ಕಡಿಮೆ ಶಕ್ತಿಯ ಬ್ಲೂಟೂತ್‌ನಲ್ಲಿ ಸಾರುತ್ತದೆ. ಪಡೆಯುವ ಫೋನು ಎಚ್ಚೆತ್ತು ತನ್ನ ಹೆಸರು ತೋರಿಸುತ್ತದೆ. ಅದರ ತೆರೆ ಬೆಳಗಿರಬೇಕು, ಲಾಕ್ ತೆಗೆದಿರಬೇಕು. ಹೆಸರು ಒತ್ತಿದ ಮೇಲೆ ಎರಡೂ ತೆರೆಗಳಲ್ಲಿ ನಾಲ್ಕಂಕಿಯ ಒಂದು ಪಿನ್ ಮೂಡುತ್ತದೆ. ಇದನ್ನು ಯಾರೂ ಟೈಪ್ ಮಾಡಬೇಕಿಲ್ಲ, ಎರಡೂ ಕಡೆ ಒಂದೇ ಇದೆಯೇ ಎಂದು ನೋಡಿದರೆ ಸಾಕು. ಎರಡು ಫೋನುಗಳು ಗುಪ್ತ ಕೀಲಿಯೊಂದನ್ನು ಒಪ್ಪಂದ ಮಾಡಿಕೊಂಡು, ಅದರಿಂದಲೇ ಆ ಅಂಕಿಗಳನ್ನು ಹೊರಡಿಸುತ್ತವೆ. ನಡುವೆ ಮೂರನೆಯ ಸಾಧನವೊಂದು ನುಸುಳಿ ಇಬ್ಬರಿಗೂ ಬೇರೆ ಬೇರೆ ಕೀಲಿ ಕೊಟ್ಟಿದ್ದರೆ ಅಂಕಿಗಳು ಹೊಂದುವುದಿಲ್ಲ. ಒಂದೇ ಮಾದರಿಯ ಹಲವು ಫೋನುಗಳು ಸುತ್ತ ಇದ್ದಾಗ, ಯಾರ ಫೋನಿಗೆ ಕಳಿಸುತ್ತಿದ್ದೇವೆ ಎಂದು ಖಚಿತಪಡಿಸಿಕೊಳ್ಳಲೂ ಇದೇ ಸುಲಭದ ದಾರಿ. ಹೆಸರಿಗಿಂತ ಪಿನ್ ಅನ್ನು ನಂಬುವುದು ಒಳ್ಳೆಯದು.

ಪಡೆಯುವವರು ಒಪ್ಪಿದ ಮೇಲೆ ಮುಖ್ಯವಾದ ಹೆಜ್ಜೆ. ಇಲ್ಲಿಯವರೆಗೆ ಮಾತುಕತೆ ನಡೆದಿರುವುದು ಬ್ಲೂಟೂತ್‌ನಲ್ಲಿ. ಈಗ ಎರಡೂ ಫೋನುಗಳು ಇನ್ನೂ ಅಗಲವಾದ ದಾರಿ ಹುಡುಕುತ್ತವೆ. ಎರಡೂ ಒಂದೇ ವೈಫೈ ಜಾಲದಲ್ಲಿದ್ದರೆ ಅದನ್ನು ಬಳಸಬಹುದು. ಇಲ್ಲದಿದ್ದರೆ ತಮ್ಮಲ್ಲೇ ನೇರವಾದ ವೈಫೈ ಕೊಂಡಿ ಕಟ್ಟಿಕೊಳ್ಳುತ್ತವೆ. ಯಾವುದೂ ಆಗದಿದ್ದರೆ ಬ್ಲೂಟೂತ್‌ನಲ್ಲೇ ಉಳಿಯುತ್ತವೆ, ಫೈಲನ್ನು ಅಲ್ಲಿಂದಲೇ ತೊಟ್ಟಿಕ್ಕಿಸುತ್ತವೆ. ಈ ತೀರ್ಮಾನ ನಮ್ಮನ್ನು ಕೇಳಿ ಆಗುವುದಿಲ್ಲ.

ಗಡಿಯಾರ ಹಿಡಿದು ಅಳತೆ

ವೇಗ ಬರೆದು ತೋರಿಸದ ಮೇಲೆ ನಾವೇ ಅಳೆಯಬೇಕು. ಸುಮಾರು 500 ಎಂಬಿಯ ಒಂದು ವಿಡಿಯೊವನ್ನು ಪರೀಕ್ಷೆಗೆ ಇಟ್ಟುಕೊಂಡೆ. ಅಷ್ಟು ದೊಡ್ಡದೇ ಏಕೆಂದರೆ, ಐದಾರು ಎಂಬಿಯ ಫೈಲಿನಲ್ಲಿ ದಾರಿ ಬದಲಾಯಿಸುವ ಹೊತ್ತೇ ಅರ್ಧ ಸಮಯ ನುಂಗಿಬಿಡುತ್ತದೆ, ಲೆಕ್ಕ ಸಿಗುವುದಿಲ್ಲ. ಶೇಕಡಾವಾರು ಗೆರೆ ಅಲುಗಾಡಲು ತೊಡಗಿದಾಗಿನಿಂದ ಮುಗಿಯುವವರೆಗಿನ ಸೆಕೆಂಡುಗಳನ್ನು ಎಣಿಸಿ, ಅದರಿಂದ 500 ಅನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಎಂಬುದು ಬರುತ್ತದೆ.

ಆ ಸಂಖ್ಯೆಯೇ ದಾರಿಯ ಗುರುತು. ಬ್ಲೂಟೂತ್‌ನಲ್ಲಿ ಸೆಕೆಂಡಿಗೆ ಸುಮಾರು 150ರಿಂದ 200 ಕೆಬಿ ಹೋಗುತ್ತದೆ, ಒಂದು ಎಂಬಿಯ ಐದನೆಯ ಒಂದು ಭಾಗವೂ ಕಷ್ಟ. ಪರೀಕ್ಷೆಯ ಫೈಲಿಗೇ ಮುಕ್ಕಾಲು ಗಂಟೆ ಬೇಕು, ಪೂರ್ತಿ ವಿಡಿಯೊಗೆ ಹದಿನೇಳು ಗಂಟೆಗೂ ಮೀರಿ. 2.4 ಗಿಗಾಹರ್ಟ್ಸ್‌ನ ವೈಫೈ ಕೊಂಡಿಯಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಎಂಬಿ ಸಿಗುತ್ತದೆ. 5 ಗಿಗಾಹರ್ಟ್ಸ್‌ನ ನೇರ ಕೊಂಡಿಯಾದರೆ ಇಪ್ಪತ್ತೈದರಿಂದ ಅರವತ್ತು ಎಂಬಿವರೆಗೆ, ಫೋನಿನ ಆಂಟೆನಾಗಳ ಮೇಲೆ ನಿಂತದ್ದು. ಈ ಮೂರು ಗುಂಪುಗಳ ನಡುವೆ ಎಷ್ಟು ದೊಡ್ಡ ಕಂದಕಗಳಿವೆ ಎಂದರೆ, ಒರಟು ಅಳತೆಯಲ್ಲೂ ಯಾವ ಗುಂಪು ಎಂದು ತಪ್ಪದೆ ಗೊತ್ತಾಗುತ್ತದೆ.

ಅಕ್ಕನ ಫೋನಿಗೆ ಕಳಿಸಿದಾಗ ಮೂರೂವರೆ ನಿಮಿಷ ಹಿಡಿಯಿತು. ಅಂದರೆ ಸೆಕೆಂಡಿಗೆ ಎರಡು ಎಂಬಿ ಚಿಲ್ಲರೆ. ಈ ಲೆಕ್ಕದಲ್ಲಿ ಪೂರ್ತಿ ಫೈಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷದ ಆಚೆಗೆ. ಇದು ವಿಚಿತ್ರ ಸಂಖ್ಯೆ: ಬ್ಲೂಟೂತ್ ಎನ್ನಲು ಹತ್ತು ಪಟ್ಟು ಹೆಚ್ಚು, 2.4 ಗಿಗಾಹರ್ಟ್ಸ್ ಎನ್ನಲು ಅರ್ಧ.

ಅರ್ಧ ಎಂಬುದೇ ಸುಳಿವು. ಎರಡೂ ಫೋನುಗಳು ಇಂಟರ್‌ನೆಟ್ ಸತ್ತ ಆ ರೂಟರಿಗೆ ಇನ್ನೂ ಅಂಟಿಕೊಂಡಿದ್ದವು. ಒಳಗಿನ ಜಾಲ ನಡೆಯಲು ರೂಟರಿಗೆ ಹೊರಗಿನ ಸಂಪರ್ಕ ಬೇಕಿಲ್ಲ. ಹಾಗಾಗಿ ಕ್ವಿಕ್ ಶೇರ್ ಅದೇ ದಾರಿ ಹಿಡಿದಿತ್ತು. ಆದರೆ ರೂಟರ್ ಮೂಲಕ ಹೋಗುವ ಪ್ರತಿ ಬೈಟೂ ಗಾಳಿಯಲ್ಲಿ ಎರಡು ಸಲ ಹಾರಬೇಕು, ನನ್ನ ಫೋನಿನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಅಕ್ಕನ ಫೋನಿಗೆ ಇನ್ನೊಮ್ಮೆ. ಎರಡೂ ಹಾರಾಟ ಒಂದೇ ಚಾನೆಲಿನಲ್ಲಿ ಆಗುವುದರಿಂದ ಒಂದು ನಡೆಯುವಾಗ ಇನ್ನೊಂದು ಕಾಯಬೇಕು. ಮೇಜಿನ ಮೇಲೆ ಒಂದು ಗೇಣು ಅಂತರದಲ್ಲಿರುವ ಎರಡು ಫೋನುಗಳು ಪಕ್ಕದ ಕೋಣೆಯ ಪೆಟ್ಟಿಗೆಯ ಮೂಲಕ ಮಾತಾಡಿಕೊಳ್ಳುತ್ತಿದ್ದವು.

ಪರಿಹಾರ ಸರಳ, ಆದರೆ ಒಂದು ಸೂಕ್ಷ್ಮವಿದೆ. ವೈಫೈ ಆಫ್ ಮಾಡಬಾರದು. ಮಾಡಿದರೆ ನೇರ ಕೊಂಡಿಯ ದಾರಿಯೂ ಮುಚ್ಚಿ ಫೋನು ಬ್ಲೂಟೂತ್‌ಗೆ ಇಳಿಯುತ್ತದೆ. ಜಾಲದ ಹೆಸರಿನ ಮೇಲೆ ಒತ್ತಿ ಸಂಪರ್ಕವನ್ನು ಮಾತ್ರ ಕಡಿಯಬೇಕು. ಫೋನು ತಾನಾಗಿ ಮತ್ತೆ ಸೇರಿಕೊಳ್ಳುತ್ತಿದ್ದರೆ, ಆ ಜಾಲದ ಸ್ವಯಂ ಸಂಪರ್ಕದ ಆಯ್ಕೆಯನ್ನು ತಾತ್ಕಾಲಿಕವಾಗಿ ತೆಗೆಯಬೇಕು. ಹಾಟ್‌ಸ್ಪಾಟ್ ಆನ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಏಕೆಂದರೆ ಬಹಳಷ್ಟು ಫೋನುಗಳ ವೈಫೈ ಚಿಪ್ ಹಾಟ್‌ಸ್ಪಾಟ್ ಮತ್ತು ನೇರ ಕೊಂಡಿ ಎರಡನ್ನೂ ಒಟ್ಟಿಗೆ ನಡೆಸಲಾರದು. ವಿಪಿಎನ್ ಆಪ್ ಚಾಲೂ ಇದ್ದರೆ ಅದಕ್ಕೂ ಬಿಡುವು ಕೊಡುವುದು ಒಳ್ಳೆಯದು.

ಹೀಗೆ ಮಾಡಿ ಅದೇ ಪರೀಕ್ಷೆಯ ಫೈಲು ಕಳಿಸಿದಾಗ ಎರಡು ನಿಮಿಷದ ಒಳಗೆ ಮುಗಿಯಿತು. ಸೆಕೆಂಡಿಗೆ ನಾಲ್ಕೂವರೆ ಎಂಬಿ. ಈಗ ನೇರ ಕೊಂಡಿ, ಆದರೆ 2.4 ಗಿಗಾಹರ್ಟ್ಸ್‌ನದು.

ಇಲ್ಲಿಂದ ಮುಂದೆ ಹೋಗಲು ಅಕ್ಕನ ಫೋನಿನಲ್ಲಿ ದಾರಿ ಇರಲಿಲ್ಲ. ಫೋನಿನ ವಿವರಣೆಯಲ್ಲಿ ವೈಫೈ ಎಂಬ ಸಾಲಿನಲ್ಲಿ `802.11 b/g/n` ಎಂದಷ್ಟೇ ಬರೆದಿದ್ದರೆ ಅದಕ್ಕೆ ಸಾಮಾನ್ಯವಾಗಿ 2.4 ಮಾತ್ರ ಗೊತ್ತು. `a/b/g/n/ac` ಎಂದಿದ್ದರೆ ಎರಡೂ ಗೊತ್ತು. ವಿವರಣೆ ಕೈಯಲ್ಲಿ ಇಲ್ಲದಿದ್ದರೆ ಹಾಟ್‌ಸ್ಪಾಟ್ ಸೆಟ್ಟಿಂಗ್ ತೆರೆದು ನೋಡಬಹುದು. ಅಲ್ಲಿ 5 ಗಿಗಾಹರ್ಟ್ಸ್ ಎಂಬ ಆಯ್ಕೆ ಇದ್ದರೆ ಫೋನಿಗೆ ಆ ಶಕ್ತಿ ಇದೆ ಎಂದರ್ಥ. ಎರಡು ಫೋನುಗಳಲ್ಲಿ ಕಡಿಮೆ ಶಕ್ತಿಯದು ಯಾವುದೋ ಅದರದೇ ವೇಗ. ನನ್ನ ಫೋನು ಎಷ್ಟು ಹೊಸದಾದರೂ ಇಲ್ಲಿ ಪ್ರಯೋಜನವಿಲ್ಲ.

ಗೆಳೆಯನ ಫೋನು: ಹದಿನೈದು ಸೆಕೆಂಡಿನ ಲೆಕ್ಕ

ಗೆಳೆಯನ ಫೋನಿಗೆ 5 ಗಿಗಾಹರ್ಟ್ಸ್ ಗೊತ್ತಿತ್ತು. ಆ ಫೋನನ್ನು ಮೊದಲು ಪರೀಕ್ಷಿಸಿದಾಗ ಅದು ಯಾವ ಜಾಲಕ್ಕೂ ಸೇರಿರಲಿಲ್ಲ, ನನ್ನದು ಮಾತ್ರ ಮತ್ತೆ ರೂಟರಿಗೆ ಸೇರಿಕೊಂಡಿತ್ತು. ಹಾಗಾಗಿ ರೂಟರ್ ಮೂಲಕ ಹೋಗುವ ಸಾಧ್ಯತೆಯೇ ಇಲ್ಲ, ನೇರ ಕೊಂಡಿಯೇ ಆಗಬೇಕು. ಆದರೂ ವೇಗ ಸೆಕೆಂಡಿಗೆ ಐದು ಎಂಬಿ ದಾಟಲಿಲ್ಲ. ಇಬ್ಬರಿಗೂ 5 ಗೊತ್ತಿದ್ದೂ ಇಬ್ಬರೂ 2.4ರಲ್ಲಿ ಏಕೆ?

ಇದರ ಕಾರಣವೇ ಈ ಇಡೀ ವಿಷಯದಲ್ಲಿ ನನಗೆ ಹೆಚ್ಚು ಸ್ವಾರಸ್ಯಕರವೆನಿಸಿದ್ದು. ಅನೇಕ ಫೋನುಗಳ ವೈಫೈ ರೇಡಿಯೊ ಒಂದು ಹೊತ್ತಿಗೆ ಒಂದು ಚಾನೆಲಿನಲ್ಲಷ್ಟೇ ಚೆನ್ನಾಗಿ ಕೆಲಸ ಮಾಡಬಲ್ಲದು. ಫೋನು ಈಗಾಗಲೇ ರೂಟರಿನೊಡನೆ 2.4ರ ಒಂದು ಚಾನೆಲಿನಲ್ಲಿ ಕೂತಿದೆ. ಈಗ ನೇರ ಕೊಂಡಿಯೊಂದನ್ನು ಕಟ್ಟಬೇಕೆಂದರೆ, 5ರ ಚಾನೆಲಿಗೂ 2.4ರ ಚಾನೆಲಿಗೂ ನಡುವೆ ಕ್ಷಣಕ್ಷಣಕ್ಕೂ ಜಿಗಿಯುತ್ತಿರುವುದರ ಬದಲು, ಇದ್ದ ಚಾನೆಲಿನಲ್ಲೇ ಹೊಸ ಕೊಂಡಿಯನ್ನೂ ಕಟ್ಟಿಕೊಳ್ಳುತ್ತದೆ. ರೂಟರಿಗೆ ಇಂಟರ್‌ನೆಟ್ ಇದೆಯೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಸೇರಿಕೊಂಡಿದ್ದರೆ ಸಾಕು, ಚಾನೆಲ್ ಕಟ್ಟಿಹಾಕಿದಂತೆ. ಈಗ ಸೇರಿರುವ ಜಾಲ ಯಾವ ಆವರ್ತನದ್ದು ಎಂದು ತಿಳಿಯಲು ವೈಫೈ ಸೆಟ್ಟಿಂಗ್‌ನಲ್ಲಿ ಜಾಲದ ಹೆಸರಿನ ವಿವರ ತೆರೆದು ನೋಡಬೇಕು. ಅಲ್ಲಿ `Frequency` ಎಂಬ ಸಾಲಿನಲ್ಲಿ 2.4 ಅಥವಾ 5 ಎಂದು ಇರುತ್ತದೆ.

ನನ್ನ ಫೋನನ್ನು ರೂಟರಿನಿಂದ ಬಿಡಿಸಿ, ವೈಫೈ ಆನ್ ಇಟ್ಟೇ ಮತ್ತೆ ಕಳಿಸಿದೆ. 500 ಎಂಬಿ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಿತು. ಸೆಕೆಂಡಿಗೆ ಮೂವತ್ತೈದು ಎಂಬಿಯ ಹತ್ತಿರ ಹತ್ತಿರ. ಹನ್ನೊಂದೂವರೆ ಜಿಬಿಗೆ ಐದೂವರೆ ನಿಮಿಷ. ಅದನ್ನು ತುಂಡು ಮಾಡುವ ಗೋಜಿಗೆ ಹೋಗದೆ ಇಡಿಯಾಗಿ ಕಳಿಸಿದೆ, ಹೋಯಿತು. ಗೆಳೆಯ "ಇಷ್ಟೇನಾ?" ಎಂದು ಕೇಳಿ ಫೋನು ಎತ್ತಿಕೊಂಡು ಹೊರಟ.

ಇಲ್ಲೊಂದು ಮಾತು ಸೇರಿಸಬೇಕು. ಕಳಿಸುವಾಗ ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಕೇಳುವ ಅಭ್ಯಾಸವಿದ್ದರೆ 2.4ರ ಕೊಂಡಿಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಬ್ಲೂಟೂತ್ ಕೂಡ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಇರುವುದು, ಬಹಳ ಫೋನುಗಳಲ್ಲಿ ಆಂಟೆನಾ ಕೂಡ ಹಂಚಿಕೆಯದೇ. ಎರಡೂ ಸರದಿಯಲ್ಲಿ ನಿಲ್ಲುತ್ತವೆ. 5ರಲ್ಲಿ ಈ ತಂಟೆ ಕಡಿಮೆ.

ಅಕ್ಕನ ಫೋನಿಗೆ ಮರಳಿ: ತುಂಡು ಮಾಡಿದ್ದು ಏಕೆ

ಸೆಕೆಂಡಿಗೆ ನಾಲ್ಕೂವರೆ ಎಂಬಿಯಲ್ಲಿ ಹನ್ನೊಂದೂವರೆ ಜಿಬಿಗೆ ನಲವತ್ತಮೂರು ನಿಮಿಷ ಬೇಕು. ಅದು ಸಹಿಸಬಹುದಾದ ಕಾಲವೇ. ಕಷ್ಟ ಎಲ್ಲಿದೆ ಎಂದರೆ, ಕ್ವಿಕ್ ಶೇರ್‌ನಲ್ಲಿ ಫೈಲಿನ ನಡುವೆ ಕೊಂಡಿ ಕಡಿದರೆ ಬಿಟ್ಟ ಜಾಗದಿಂದ ಮುಂದುವರಿಸುವ ಸೌಲಭ್ಯವಿಲ್ಲ. ಮೂವತ್ತೈದನೆಯ ನಿಮಿಷದಲ್ಲಿ ಕಡಿದರೆ ಮತ್ತೆ ಮೊದಲಿನಿಂದ. ಇಡಿಯಾಗಿ ಕಳಿಸತೊಡಗಿದಾಗ ಆದದ್ದೂ ಅದೇ. ಅಕ್ಕನಿಗೆ ಕರೆ ಬಂತು, ಫೋನು ಹಿಡಿದು ಮಾತಾಡುತ್ತ ಮನೆಯ ಆ ತುದಿಗೆ ಹೋದಳು, ಎರಡು ಗೋಡೆಗಳ ಆಚೆ ಕೊಂಡಿ ಸತ್ತಿತು. "ಮಾತಾಡಬಾರದು ಎಂದು ಮೊದಲೇ ಹೇಳಬಾರದಿತ್ತೇ?" ಎಂದಳು. ಮಾತಾಡಬಹುದು, ಮೇಜಿನ ಪಕ್ಕದಲ್ಲೇ ಕೂತು ಮಾತಾಡಬೇಕು. ಆದರೆ ನಲವತ್ತಮೂರು ನಿಮಿಷ ಒಬ್ಬರ ಫೋನನ್ನು ಮೇಜಿಗೆ ಕಟ್ಟಿಹಾಕುವುದು ನ್ಯಾಯವಲ್ಲ.

ಹಾಗಾಗಿ ಎರಡೆರಡು ಜಿಬಿಯ ತುಂಡು. ಪ್ರತಿ ತುಂಡಿಗೆ ಏಳೂವರೆ ನಿಮಿಷ, ಕಡಿದರೂ ಹೋಗುವುದು ಅಷ್ಟೇ. ಎರಡು ಜಿಬಿಯನ್ನೇ ಆರಿಸಲು ಇನ್ನೊಂದು ಕಾರಣವೂ ಇದೆ, ಅದು ಮೆಮೊರಿ ಕಾರ್ಡಿಗೆ ಸಂಬಂಧಿಸಿದ್ದು, ಮುಂದೆ ಬರುತ್ತದೆ. ತುಂಡುಗಳನ್ನು ಸಂಕುಚಿತಗೊಳಿಸುವ ಗೊಡವೆ ಬೇಡ. ವಿಡಿಯೊ ಆಗಲೇ ಸಂಕುಚಿತ ರೂಪದಲ್ಲಿದೆ, ಮತ್ತೆ ಒತ್ತಿದರೆ ಸಮಯ ಹಾಳು, ಗಾತ್ರ ಹಾಗೆಯೇ. ತುಂಡರಿಸುವ ಸೌಲಭ್ಯವಿರುವ ಜಿಪ್ ಆಪ್ ಬಳಸುವವರು ಕೂಡ ಸಂಕುಚನವಿಲ್ಲದ ಆಯ್ಕೆಯನ್ನೇ ಆರಿಸಬೇಕು. ನನ್ನ ಮತ್ತು ಅಕ್ಕನ ಫೋನುಗಳಲ್ಲಿ ಟರ್ಮಕ್ಸ್ ಎಂಬ, ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಆಪ್ ಮೊದಲೇ ಇತ್ತು (ಅವಳ ಫೋನಿಗೆ ಹಿಂದೊಮ್ಮೆ ಬೇರೆ ಕೆಲಸಕ್ಕೆ ಹಾಕಿಕೊಟ್ಟಿದ್ದೆ), ಆದ್ದರಿಂದ ಅದರಲ್ಲೇ ಮಾಡಿದೆ. ಮೊದಲ ಬಾರಿಗೆ ಬಳಸುವವರು `termux-setup-storage` ಎಂದು ಕೊಟ್ಟು ಫೈಲುಗಳನ್ನು ಮುಟ್ಟುವ ಅನುಮತಿ ನೀಡಬೇಕು. ಫೈಲು ಡೌನ್‌ಲೋಡ್ ಫೋಲ್ಡರಿನಲ್ಲಿದೆ ಎಂದುಕೊಳ್ಳಿ:

```
cd ~/storage/downloads
sha256sum video.mp4
split -b 2GB --additional-suffix=.bin video.mp4 part_
ls -l part_*
```

ಎರಡನೆಯ ಸಾಲು ಇಡೀ ಫೈಲಿನ ಗುರುತಿನ ಸಂಖ್ಯೆಯನ್ನು ಲೆಕ್ಕಹಾಕುತ್ತದೆ. ಅರವತ್ತನಾಲ್ಕು ಅಕ್ಷರಗಳ ಉದ್ದನೆಯ ಸಾಲು ಬರುತ್ತದೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಇಷ್ಟು ದೊಡ್ಡ ಫೈಲಿಗೆ ಕೆಲವು ನಿಮಿಷ ಹಿಡಿಯಬಹುದು, ಕಾಯಿರಿ, ಬಂದ ಸಾಲನ್ನು ಎತ್ತಿಟ್ಟುಕೊಳ್ಳಿ. ಮೂರನೆಯ ಸಾಲು ತುಂಡು ಮಾಡುತ್ತದೆ. `part_aa.bin`ನಿಂದ `part_af.bin`ವರೆಗೆ ಆರು ತುಂಡುಗಳು ಬಂದವು. ಮೊದಲ ಐದು ಸರಿಯಾಗಿ 2,000,000,000 ಬೈಟ್, ಕೊನೆಯದು ಒಂದೂವರೆ ಜಿಬಿ. ಕೊನೆಯಲ್ಲಿ `.bin` ಹಚ್ಚಿದ್ದು, ಬಾಲವಿಲ್ಲದ ಹೆಸರಿನ ಫೈಲುಗಳನ್ನು ಕಂಡರೆ ಕೆಲವು ಫೈಲ್ ಆಪ್‌ಗಳು ತಬ್ಬಿಬ್ಬಾಗುತ್ತವೆ ಎಂಬ ಕಾರಣಕ್ಕೆ. ಕಳಿಸುವ ಫೋನಿನಲ್ಲಿ ತುಂಡುಗಳಿಗಾಗಿ ಇನ್ನೂ ಹನ್ನೊಂದೂವರೆ ಜಿಬಿ ಜಾಗ ಬೇಕು ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಆಮೇಲಿನದು ಬೇಸರದ ಕೆಲಸ. ಒಂದೊಂದೇ ತುಂಡು ಆರಿಸು, ಹಂಚು, ಒಪ್ಪು. ಎಲ್ಲವನ್ನೂ ಒಟ್ಟಿಗೆ ಆಯ್ದು ಕಳಿಸಬಹುದಾದರೂ, ಒಂದೊಂದಾಗಿ ಕಳಿಸಿದರೆ ಯಾವುದು ಮುಟ್ಟಿದೆ ಎಂಬುದರಲ್ಲಿ ಗೊಂದಲ ಉಳಿಯುವುದಿಲ್ಲ. ಎರಡೂ ಫೋನುಗಳನ್ನು ಚಾರ್ಜಿಗೆ ಹಾಕಿ, ಬ್ಯಾಟರಿ ಉಳಿತಾಯದ ಆಯ್ಕೆ ಆಫ್ ಮಾಡಿ, ಒಂದು ಮೊಳದೊಳಗೆ ಇಟ್ಟೆ. ಫೋನು ಬಿಸಿಯಾಗುವುದು ಸಹಜ. ದಪ್ಪನೆಯ ಕವಚ ಇದ್ದರೆ ತೆಗೆದಿಡುವುದು ಒಳ್ಳೆಯದು, ವಿಪರೀತ ಬಿಸಿಯಾದ ಫೋನು ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಎರಡು ತುಂಡುಗಳ ನಡುವೆ ಅಕ್ಕ ಫೋನು ಎತ್ತಿಕೊಂಡು ಹೋಗಿ ಬಂದಳು, ಏನೂ ಹಾಳಾಗಲಿಲ್ಲ.

ಜೋಡಣೆ, ಮತ್ತು ಹೊಂದಿದ ಸಾಲು

ಬಂದ ಫೈಲುಗಳು ಪಡೆದ ಫೋನಿನ ಒಳಗಿನ ಸಂಗ್ರಹದಲ್ಲಿ, ಡೌನ್‌ಲೋಡ್ ಫೋಲ್ಡರಿನೊಳಗೆ `Quick Share` ಎಂಬ ಫೋಲ್ಡರಿಗೆ ಬೀಳುತ್ತವೆ. ಹಳೆಯ ಆವೃತ್ತಿಯಲ್ಲಿ ಅದರ ಹೆಸರು `Nearby Share`, ಅಕ್ಕನ ಫೋನಿನಲ್ಲಿ ಇದ್ದದ್ದು ಅದೇ. ಜೋಡಿಸುವ ಮೊದಲು `ls -l` ಕೊಟ್ಟು ತುಂಡುಗಳ ಸಂಖ್ಯೆಯನ್ನೂ ಗಾತ್ರವನ್ನೂ ಕಣ್ಣಾರೆ ನೋಡಬೇಕು. ನೋಡಿದಾಗ ಆರರ ಬದಲು ಏಳು ಇದ್ದವು. `part_ac.bin` ಕಳಿಸುವಾಗ ಮುಟ್ಟಿತೋ ಇಲ್ಲವೋ ಎಂದು ಅಕ್ಕನಿಗೆ ಅನುಮಾನ ಬಂದು ಇನ್ನೊಮ್ಮೆ ಕಳಿಸಲು ಹೇಳಿದ್ದಳು. ಎರಡನೆಯದು `part_ac (1).bin` ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಕುಳಿತಿತ್ತು. ಅದನ್ನು ಹಾಗೆಯೇ ಬಿಟ್ಟು ಜೋಡಿಸಿದ್ದರೆ ಮೂರನೆಯ ತುಂಡು ಎರಡು ಸಲ ಸೇರಿ ಹದಿಮೂರೂವರೆ ಜಿಬಿಯ ಒಂದು ಕೆಟ್ಟ ಫೈಲು ಹುಟ್ಟುತ್ತಿತ್ತು. ಇಂಥ ಫೈಲು ಕೆಲವೊಮ್ಮೆ ಶುರುವಿನಲ್ಲಿ ಸರಿಯಾಗಿಯೇ ಓಡುತ್ತದೆ, ನಡುವೆ ಕೈಕೊಡುತ್ತದೆ. ಹಾಗಾಗಿ ಎರಡು ನಿಮಿಷ ಓಡಿಸಿ ನೋಡಿದ್ದನ್ನು ಪರೀಕ್ಷೆ ಎನ್ನಲಾಗದು. ಎರಡೂ ಪ್ರತಿಗಳ ಗಾತ್ರ ಪೂರ್ತಿಯಾಗಿದ್ದುದರಿಂದ `(1)` ಇರುವುದನ್ನು ಅಳಿಸಿದೆ.

ಜೋಡಿಸುವಾಗ ಜಾಗದ ಲೆಕ್ಕ ಮುಖ್ಯ. ತುಂಡುಗಳು ಹನ್ನೊಂದೂವರೆ ಜಿಬಿ, ಜೋಡಿಸಿದ ಫೈಲು ಇನ್ನೊಂದು ಹನ್ನೊಂದೂವರೆ, ಒಟ್ಟು ಇಪ್ಪತ್ತಮೂರು. ಅಕ್ಕನ ಫೋನಿನಲ್ಲಿ ಅಷ್ಟಿರಲಿಲ್ಲ. ಒಂದು ತುಂಡು ಸೇರಿಸಿದೊಡನೆ ಅದನ್ನು ಅಳಿಸುತ್ತ ಹೋದರೆ ಹದಿಮೂರೂವರೆ ಜಿಬಿಯಲ್ಲಿ ಮುಗಿಯುತ್ತದೆ:

```
cd ~/storage/downloads/"Nearby Share"
for f in part_*.bin; do
  cat "$f" >> video.mp4 && rm "$f" || break
done
sha256sum video.mp4
```

ಇಲ್ಲಿ `&&` ಚಿಹ್ನೆಗೆ ಬೆಲೆ ಇದೆ: ಸೇರಿಸುವುದು ವಿಫಲವಾದರೆ ಆ ತುಂಡನ್ನು ಅಳಿಸುವುದಿಲ್ಲ, `|| break` ಜೋಡಣೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಹಾಗೆ ನಡುವೆ ನಿಂತರೆ ಅರ್ಧ ಜೋಡಣೆಯಾದ ಫೈಲನ್ನು ನಂಬಬಾರದು, ಅದನ್ನು ಅಳಿಸಿ, ಹೊಸದಾಗಿ ತುಂಡು ಪಡೆದು ಮೊದಲಿನಿಂದ ಜೋಡಿಸಬೇಕು. ಆದ್ದರಿಂದಲೇ ಗುರುತಿನ ಸಾಲು ಹೊಂದುವವರೆಗೆ ಕಳಿಸಿದವರು ತಮ್ಮ ತುಂಡುಗಳನ್ನು ಅಳಿಸಬಾರದು. ಫೈಲುಗಳ ಹೆಸರು ಅಕ್ಷರ ಕ್ರಮದಲ್ಲೇ ಬರುವುದರಿಂದ ಕ್ರಮ ತಪ್ಪುವುದಿಲ್ಲ. ಕೊನೆಗೆ ಬಂದ ಸಾಲನ್ನು ನನ್ನ ಫೋನಿನಲ್ಲಿ ಎತ್ತಿಟ್ಟುಕೊಂಡಿದ್ದ ಸಾಲಿನೊಡನೆ ಹೋಲಿಸಿದೆ; ಪೂರ್ತಿ ಅರವತ್ತನಾಲ್ಕು ಅಕ್ಷರಗಳೂ ಹೊಂದಿದವು.

ಮೆಮೊರಿ ಕಾರ್ಡು ಒಪ್ಪದ ಫೈಲು

ಅಕ್ಕನಿಗೆ ಅದು ಫೋನಿನೊಳಗೆ ಬೇಡವಾಗಿತ್ತು, ಕಾರ್ಡಿನಲ್ಲಿ ಬೇಕಿತ್ತು. 32 ಜಿಬಿಯ ಕಾರ್ಡಿನಲ್ಲಿ ಇಪ್ಪತ್ತು ಜಿಬಿಗಿಂತ ಹೆಚ್ಚು ಖಾಲಿ ಇದ್ದರೂ ಫೈಲನ್ನು ಅಲ್ಲಿಗೆ ಸರಿಸಲು ಫೋನು ಒಪ್ಪಲಿಲ್ಲ. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಎಫ್‌ಎಟಿ32 ಎಂಬ ವಿನ್ಯಾಸದಲ್ಲಿ ಬರುತ್ತವೆ. ಅದರಲ್ಲಿ ಫೈಲಿನ ಗಾತ್ರವನ್ನು ಬರೆದಿಡಲು 32 ಬಿಟ್‌ಗಳಷ್ಟೇ ಜಾಗ, ಆದ್ದರಿಂದ ಒಂದು ಫೈಲು 4,294,967,295 ಬೈಟ್‌ಗಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಖಾಲಿ ಜಾಗ ಎಷ್ಟಿದ್ದರೂ ಸರಿಯೇ. ಫೋನು ಕೊಡುವ ಸಂದೇಶದಲ್ಲಿ ಜಾಗ ಸಾಲದು ಎಂಬಂಥ ಮಾತು ಬಂದರೆ ಜನ ಫೋಟೊಗಳನ್ನು ಅಳಿಸಲು ಹೊರಡುತ್ತಾರೆ, ಪಾಪ. ದೊಡ್ಡ ಫೈಲು ಕಾರ್ಡಿಗೆ ಹೋಗುತ್ತಿಲ್ಲ, ಚಿಕ್ಕವು ಹೋಗುತ್ತಿವೆ ಎಂದರೆ ಕಾರಣ ಇದೇ ಎಂದು ತಿಳಿಯಬಹುದು.

ಕಾರ್ಡನ್ನು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಿಸಿದರೆ ಈ ಮಿತಿ ಹೋಗುತ್ತದೆ, ಆದರೆ ಕಾರ್ಡಿನಲ್ಲಿರುವುದೆಲ್ಲ ಅಳಿಯುತ್ತದೆ, ಹಳೆಯ ಫೋನು ಅದನ್ನು ಓದಬಲ್ಲದೇ ಎಂದೂ ನೋಡಬೇಕು. ಅಕ್ಕ ಒಪ್ಪಲಿಲ್ಲ. ಎರಡು ಜಿಬಿಯ ತುಂಡು ಇಲ್ಲಿ ಕೈಹಿಡಿಯಿತು. ನನ್ನ ಫೋನಿನಲ್ಲಿ ಇನ್ನೂ ಇದ್ದ ತುಂಡುಗಳನ್ನು ಒಂದೊಂದಾಗಿ ಮತ್ತೆ ಕಳಿಸಿ, ಬಂದದ್ದನ್ನು ಬಂದ ಹಾಗೆ ಕಾರ್ಡಿಗೆ ಸಾಗಿಸುತ್ತ, ಆರನ್ನೂ ಗುರುತಿನ ಸಾಲು ಬರೆದಿಟ್ಟ ಒಂದು ಚಿಕ್ಕ ಪಠ್ಯ ಫೈಲಿನೊಡನೆ ಅಲ್ಲಿನ ಒಂದು ಫೋಲ್ಡರಿಗೆ ಸೇರಿಸಿದೆವು. ಮೂಲ ಫೈಲು ಸದ್ಯಕ್ಕೆ ಫೋನಿನಲ್ಲೂ ಇದೆ. ನೋಡಿ ಮುಗಿದ ಮೇಲೆ ಅಳಿಸುತ್ತಾಳಂತೆ.

ನನ್ನ ಫೋನಿನಲ್ಲಿದ್ದ ತುಂಡುಗಳನ್ನು ಅಳಿಸಿ ರೂಟರಿನ ಸ್ವಯಂ ಸಂಪರ್ಕವನ್ನು ಮತ್ತೆ ಆನ್ ಮಾಡಿದೆ. ಅಕ್ಕನ ಫೋನಿನಲ್ಲಿ ಕಾಣಿಸಿಕೊಳ್ಳುವ ಆಯ್ಕೆ ಅವಳದೇ ಸಾಧನಗಳಿಗೆ ಮಾತ್ರ ಎಂಬಲ್ಲಿಗೆ ಮರಳಿದೆಯೇ ಎಂದು ತೆರೆದು ನೋಡಿದೆ, ಮರಳಿತ್ತು.